ಮೊದಲ ಸ್ಕ್ಯಾನ್ ಬೀಳುವವರೆಗೆ



ಇಂದಿನ ಮಾತು ಸೀರೆ ಮಾರುವವರ ಬಗ್ಗೆ. ಅಂಗಡಿ ಇಟ್ಟು ಮಾರುವವರಲ್ಲ. ಹಾಸನ, ದಾವಣಗೆರೆ, ಶಿರಸಿ, ಗದಗದಂಥ ಊರುಗಳಲ್ಲಿ ಮನೆಯಲ್ಲೇ ಕುಳಿತು, ವಾಟ್ಸಾಪ್ ಗುಂಪಿಗೆ ಸೀರೆಯ ಫೋಟೋ ಹಾಕಿ ಆರ್ಡರ್ ಹಿಡಿಯುವ ಹೆಂಗಸರು. ರೀಸೆಲ್ಲರ್ ಎಂದೇ ಅವರು ತಮ್ಮನ್ನು ಕರೆದುಕೊಳ್ಳುತ್ತಾರೆ. ಸೀರೆ ಅವರ ಕೈಗೆ ಬರುವುದೇ ಇಲ್ಲ. ಅದು ಇರುವುದು ಸೂರತ್ತಿನ ಯಾವುದೋ ಸಗಟು ವ್ಯಾಪಾರಿಯ ಕಪಾಟಿನಲ್ಲಿ. ಗಿರಾಕಿ ಹಣ ಹಾಕುತ್ತಾಳೆ, ರೀಸೆಲ್ಲರ್ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಸೂರತ್ತಿಗೆ ಕಳಿಸುತ್ತಾಳೆ, ಜೊತೆಗೆ ಗಿರಾಕಿಯ ವಿಳಾಸವನ್ನೂ ಕೊಡುತ್ತಾಳೆ. ಸೀರೆ ಸೂರತ್ತಿನಿಂದ ನೇರವಾಗಿ ಗಿರಾಕಿಯ ಮನೆಗೆ ಹೋಗುತ್ತದೆ. ಪೊಟ್ಟಣದ ಮೇಲೆ ಕಳಿಸಿದವರ ಜಾಗದಲ್ಲಿ ಮಾತ್ರ ರೀಸೆಲ್ಲರ್ ಹೆಸರಿರುತ್ತದೆ.

ಹೆಸರು ಅವಳದು, ಮಾಲು ಇನ್ನೊಬ್ಬರದು, ಸಾಗಿಸುವವರು ಮತ್ತೊಬ್ಬರು. ತಡವಾದರೆ ಫೋನು ಬರುವುದು ಅವಳಿಗೇ. ಸೂರತ್ತಿನವರು ಯಾರೆಂದು ಗಿರಾಕಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಲೆಕ್ಕ ಚಿಕ್ಕದು. ಒಂದು ಸೀರೆಗೆ ಸಗಟು ವ್ಯಾಪಾರಿ ಕೊರಿಯರ್ ಸೇರಿ 700 ರೂಪಾಯಿ ತೆಗೆದುಕೊಳ್ಳುತ್ತಾನೆ ಎನ್ನೋಣ. ರೀಸೆಲ್ಲರ್ ಅದನ್ನು 850ಕ್ಕೆ ಮಾರುತ್ತಾಳೆ. ಉಳಿಯುವುದು 150. ಒಂದು ಸೀರೆ ತಡವಾಗಿ, ಗಿರಾಕಿಗೆ ಹಣ ವಾಪಸ್ ಕೊಟ್ಟು, ಸೂರತ್ತಿನಿಂದ ಏನೂ ಬರದೇ ಹೋದರೆ 700 ರೂಪಾಯಿ ಕೈಬಿಟ್ಟಿತು. ಅದನ್ನು ತುಂಬಿಕೊಳ್ಳಲು ಹತ್ತಿರ ಹತ್ತಿರ ಐದು ಸೀರೆ ಮಾರಬೇಕು. ತಡವಾದ ಒಂದು ಪಾರ್ಸಲ್ ಈ ವ್ಯಾಪಾರಕ್ಕೆ ಎಷ್ಟು ಭಾರ ಎಂಬುದು ಇಷ್ಟರಲ್ಲೇ ತಿಳಿಯುತ್ತದೆ.

ತಡ ಶುರುವಾಗುವುದು ಎಲ್ಲಿ? ಹೆಚ್ಚಿನವರು ಕೊರಿಯರ್‌ನವರನ್ನು ದೂರುತ್ತಾರೆ. ಆದರೆ ಬಹಳಷ್ಟು ಸಲ ಪಾರ್ಸಲ್ ಇನ್ನೂ ಕೊರಿಯರ್‌ನವರ ಕೈಗೇ ಹೋಗಿರುವುದಿಲ್ಲ.

ಸೂರತ್ತಿನ ಮಾರುಕಟ್ಟೆಯಲ್ಲಿ ಒಂದೇ ಸೀರೆಯ ಫೋಟೋ ನೂರಾರು ರೀಸೆಲ್ಲರ್‌ಗಳ ಗುಂಪಿಗೆ ಒಂದೇ ಹೊತ್ತಿಗೆ ಹೋಗುತ್ತದೆ. ಬಣ್ಣ ಚೆನ್ನಾಗಿದ್ದರೆ ಬೆಳಿಗ್ಗೆ ಇದ್ದ ಮಾಲು ಸಂಜೆಗೆ ಖಾಲಿ. ಖಾಲಿಯಾಯಿತೆಂದು ಹೇಳಿದರೆ ಆರ್ಡರ್ ಕೈತಪ್ಪುತ್ತದೆ. ಹಾಗಾಗಿ ಕೆಲವು ವ್ಯಾಪಾರಿಗಳು ಹಣ ತೆಗೆದುಕೊಂಡು, ಮುಂದಿನ ಲಾಟು ಬರುವವರೆಗೆ ಕಾಯುತ್ತಾರೆ. ಆ ನಡುವೆ ರೀಸೆಲ್ಲರ್ ಕೇಳುತ್ತಲೇ ಇರುತ್ತಾಳೆ, ‘ಭಯ್ಯಾ, ಟ್ರ್ಯಾಕಿಂಗ್ ನಂಬರ್ ಕೊಡಿ’ ಎಂದು. ನಂಬರ್ ಕೊಡುವುದು ಸುಲಭ. ಕಂಪ್ಯೂಟರಿನಲ್ಲಿ ವಿಳಾಸ ತುಂಬಿ ಲೇಬಲ್ ತೆಗೆದರೆ ಸಾಕು, ನಂಬರ್ ಹುಟ್ಟುತ್ತದೆ. ಸೀರೆ ಪ್ಯಾಕ್ ಆಗಿರಬೇಕೆಂದಿಲ್ಲ. ಸೀರೆ ಅಂಗಡಿಯಲ್ಲಿ ಇರಲೇಬೇಕೆಂದೂ ಇಲ್ಲ.

ಇದನ್ನು ಕೇಳುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಟ್ರ್ಯಾಕಿಂಗ್ ನಂಬರ್ ಬಂದಿದೆ ಎಂದರೆ ಲೇಬಲ್ ಆಗಿದೆ ಎಂದಷ್ಟೇ ಅರ್ಥ. ಪಾರ್ಸಲ್ ಹೊರಟಿದೆ ಎಂದಲ್ಲ. ಹೊರಟಿತೆನ್ನಲು ಬೇರೆಯೇ ಗುರುತು ಬೇಕು. ಕೊರಿಯರ್ ಹುಡುಗ ಪೊಟ್ಟಣವನ್ನು ಎತ್ತಿಕೊಂಡು ಲೇಬಲ್ಲಿನ ಬಾರ್‌ಕೋಡಿಗೆ ಯಂತ್ರ ಹಿಡಿದಾಗ ಬೀಳುವ ದಾಖಲೆಯೇ ಆ ಗುರುತು. ಅದೇ ಮೊದಲ ಸ್ಕ್ಯಾನ್. ಖಾಸಗಿ ಕೊರಿಯರ್‌ಗಳ ಪುಟದಲ್ಲಿ ಲೇಬಲ್ ಮಾತ್ರ ಆಗಿದ್ದರೆ ಸಾಮಾನ್ಯವಾಗಿ ‘ಮ್ಯಾನಿಫೆಸ್ಟೆಡ್’ ಎಂದೋ, ವಿವರ ತಲುಪಿದೆ ಎನ್ನುವ ಅರ್ಥದ ಇನ್ನೊಂದು ಸಾಲೋ ಇರುತ್ತದೆ. ಎತ್ತಿಕೊಂಡ ಮೇಲೆ ‘ಪಿಕ್ಡ್ ಅಪ್’ ಬರುತ್ತದೆ, ಊರಿನ ಹೆಸರು ಬರುತ್ತದೆ, ಗಂಟೆ ನಿಮಿಷ ಬರುತ್ತದೆ. ಅಂಚೆ ಇಲಾಖೆಯ ಸ್ಪೀಡ್ ಪೋಸ್ಟಿನಲ್ಲಾದರೆ ‘ಐಟಂ ಬುಕ್ಡ್’ ಎಂಬ ಸಾಲಿನ ಜೊತೆ ಬುಕ್ ಮಾಡಿದ ಅಂಚೆ ಕಚೇರಿಯ ಹೆಸರು ಇರುತ್ತದೆ. ಊರು ಮತ್ತು ಹೊತ್ತು ಎರಡೂ ಕಂಡರೆ ಮಾತ್ರ ಪಾರ್ಸಲ್ ದಾರಿಯಲ್ಲಿದೆ ಎಂದು ನಂಬಬಹುದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ನಂಬರ್ ಬೇರೆ, ಮೊದಲ ಸ್ಕ್ಯಾನ್ ಬೇರೆ. ಈಗ ಒಂದು ಆರ್ಡರನ್ನು ಹಿಡಿದು ದಿನದ ಲೆಕ್ಕ ಹಾಕೋಣ. ಹೆಸರು ಬೇಡ. ರೀಸೆಲ್ಲರ್ ಹಾಸನದವಳು, ಗಿರಾಕಿ ಅರಸೀಕೆರೆಯವಳು ಎಂದಿಟ್ಟುಕೊಳ್ಳಿ.

ಸೋಮವಾರ ಆರ್ಡರ್ ಬಂತು. ಮುಂದಿನ ವಾರದ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಹನ್ನೊಂದು ದಿನವಿದೆ, ಧಾರಾಳವಾಯಿತು ಎನಿಸುತ್ತದೆ. ಆದರೆ ಸೀರೆ ಹಬ್ಬದ ದಿನ ಬಂದರೆ ಸಾಲದು. ರವಿಕೆ ಹೊಲಿಸಬೇಕು. ಫಾಲ್ ಹಾಕಿಸಬೇಕು. ಹಬ್ಬದ ವಾರ ದರ್ಜಿಗಳು ಸೋಮವಾರ, ಮಂಗಳವಾರದ ನಂತರ ಬಟ್ಟೆ ಮುಟ್ಟುವುದಿಲ್ಲ. ಹಾಗಾಗಿ ನಿಜವಾದ ಗಡುವು ಶುಕ್ರವಾರವಲ್ಲ, ಮಂಗಳವಾರ. ಅನುಭವಸ್ಥ ರೀಸೆಲ್ಲರ್ ಆರ್ಡರ್ ಹಿಡಿಯುವಾಗಲೇ ಎರಡು ಮಾತು ಕೇಳಿಬಿಡುತ್ತಾಳೆ: ‘ಅಕ್ಕಾ, ಯಾವತ್ತು ಉಡಬೇಕು? ಬ್ಲೌಸ್ ಹೊಲಿಸಬೇಕಾ?’ ಈ ಎರಡು ಪ್ರಶ್ನೆಗೆ ಬರುವ ಉತ್ತರ ಟ್ರ್ಯಾಕಿಂಗ್ ಪುಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈಗ ಹಿಂದಕ್ಕೆ ಎಣಿಸೋಣ. ಸೂರತ್ತಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ 1,200 ಕಿಲೋಮೀಟರಿಗೂ ಮಿಕ್ಕಿದ ದೂರ. ಲಾರಿಯಲ್ಲಿ ಬರುವ ಪಾರ್ಸಲ್ ಸೂರತ್ತಿನ ಹಬ್ಬಿಗೆ ಹೋಗಿ, ಬೆಂಗಳೂರಿನ ಹಬ್ಬಿಗೆ ಬಂದು, ಹಾಸನಕ್ಕೆ ಬಂದು, ಅರಸೀಕೆರೆ ಸೇರಲು ಐದು ದಿನ ಹಿಡಿಯೋಣ. ಮಂಗಳವಾರದೊಳಗೆ ಕೈಸೇರಬೇಕಾದರೆ ಹೆಚ್ಚೆಂದರೆ ಗುರುವಾರ ಸಂಜೆಯೊಳಗೆ ಕೊರಿಯರ್‌ನವರು ಎತ್ತಿಕೊಂಡಿರಬೇಕು. ಬುಧವಾರವಾದರೆ ಒಂದು ದಿನದ ಉಸಿರು ಸಿಗುತ್ತದೆ.

ಸಗಟು ವ್ಯಾಪಾರಿ ಹೇಳಿದ್ದು ‘24 ಗಂಟೆಯಲ್ಲಿ ಡಿಸ್ಪ್ಯಾಚ್’. ಮಂಗಳವಾರ ಸಂಜೆ ಅವನ ಪಟ್ಟಿ ಬಂತು. ಪಟ್ಟಿಯಲ್ಲಿ ಅರಸೀಕೆರೆಯ ಗಿರಾಕಿಯ ಹೆಸರಿದೆ, ಎದುರಿಗೆ ನಂಬರ್ ಇದೆ. ಹಾಸನದವಳು ಅದನ್ನು ಹಾಗೇ ಗಿರಾಕಿಗೆ ಕಳಿಸಿದಳು. ಕೆಳಗೆ ಬರೆದಳು, ‘ನಿಮ್ಮ ಸೀರೆ ಹೊರಟಿದೆ ಅಕ್ಕಾ’ ಎಂದು.

ಎಡವಿದ್ದು ಆ ಒಂದು ಸಾಲಿನಲ್ಲಿ. ಬುಧವಾರ ಗಿರಾಕಿ ನಂಬರ್ ಹಾಕಿ ನೋಡಿದಳು. ಮ್ಯಾನಿಫೆಸ್ಟೆಡ್. ಗುರುವಾರ ಬೆಳಿಗ್ಗೆ ಮತ್ತೆ ನೋಡಿದಳು. ಅದೇ ಸಾಲು. ‘ಹೊರಟಿದೆ ಅಂದ್ರಿ, ಎರಡು ದಿನದಿಂದ ಅಲ್ಲೇ ಇದೆಯಲ್ಲ?’ ತಡವಾಗಿದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕೆಣಕಿದ್ದು ಮಾತು ಸುಳ್ಳಾದದ್ದು. ಮಂಗಳವಾರ ಸಂಜೆ ಬರೆಯಬೇಕಾಗಿದ್ದು ಹೀಗೆ: ‘ಅಕ್ಕಾ, ಲೇಬಲ್ ಆಗಿದೆ. ಕೊರಿಯರ್‌ನವರು ಎತ್ತಿಕೊಂಡ ಕೂಡಲೇ ತಿಳಿಸುತ್ತೇನೆ. ಅಲ್ಲಿಂದ ಐದು ದಿನ.’ ಇದರಲ್ಲಿ ಅಡಗಿಸಿದ್ದೇನೂ ಇಲ್ಲ. ದಿನದ ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದು ಗಿರಾಕಿಗೂ ಗೊತ್ತಾಯಿತು.

ಗುರುವಾರ ಬೆಳಿಗ್ಗೆಯೇ ಈ ಆರ್ಡರಿನ ತಿರುವು. ಯಾಕೆಂದರೆ ಮೊದಲ ಸ್ಕ್ಯಾನ್ ಬೀಳುವವರೆಗೆ ಆರ್ಡರ್ ರದ್ದು ಮಾಡುವುದು ಸುಲಭ. ಲೇಬಲ್ ರದ್ದಾಗುತ್ತದೆ, ಸೀರೆ ಅಂಗಡಿಯಲ್ಲೇ ಉಳಿಯುತ್ತದೆ, ಯಾರಿಗೂ ನಷ್ಟವಿಲ್ಲ. ಸ್ಕ್ಯಾನ್ ಬಿದ್ದ ಮೇಲೆ ಪಾರ್ಸಲ್ಲನ್ನು ದಾರಿಯಲ್ಲಿ ನಿಲ್ಲಿಸುವುದು ಕಷ್ಟ, ನಿಲ್ಲಿಸಿದರೂ ಹೋಗಿಬರುವ ಎರಡು ದಾರಿಯ ಖರ್ಚು ಯಾರದೋ ಮೈಮೇಲೆ ಬರುತ್ತದೆ.

ಆಗ ವ್ಯಾಪಾರಿಯನ್ನು ಏನು ಕೇಳಬೇಕು? ‘ಕಳಿಸಿದ್ರಾ?’ ಎಂದು ಕೇಳಿದರೆ ‘ಹೋ ಗಯಾ’ ಎಂಬ ಉತ್ತರ ಬರುತ್ತದೆ. ಅದರಿಂದ ತಿಳಿಯುವುದೇನೂ ಇಲ್ಲ. ಸೀರೆ ಈ ಹೊತ್ತು ಅಂಗಡಿಯಲ್ಲಿ ಇದೆಯೇ ಎಂದು ಕೇಳಬೇಕು. ಇದ್ದರೆ, ಲೇಬಲ್ ಅಂಟಿಸಿದ ಪೊಟ್ಟಣದ ಫೋಟೋ ಕಳಿಸಿ ಎನ್ನಬೇಕು. ಅಂಟಿಸಿದ ಲೇಬಲ್ಲಿನಲ್ಲಿ ಹೆಸರು, ಪಿನ್ ಕೋಡ್, ಫೋನ್ ನಂಬರ್ ಓದುವಂತಿರಬೇಕು. ಫೋಟೋ ಬರದೆ ಮಾತಷ್ಟೇ ಬಂದರೆ ಮಾಲು ಇಲ್ಲ ಎಂದೇ ತಿಳಿಯುವುದು ಕ್ಷೇಮ.

ನಮ್ಮ ಆರ್ಡರಿನಲ್ಲಿ ವ್ಯಾಪಾರಿ ಒತ್ತಾಯಕ್ಕೆ ಬಾಯಿಬಿಟ್ಟ. ಆ ಬಣ್ಣ ಮುಗಿದಿದೆ, ಶನಿವಾರ ಹೊಸ ಲಾಟು ಬರುತ್ತದೆ. ಶನಿವಾರ ಸಂಜೆ ಹೊರಟರೆ ಐದು ದಿನಕ್ಕೆ ಗುರುವಾರ. ಹಬ್ಬಕ್ಕೆ ಹಿಂದಿನ ದಿನ. ದರ್ಜಿಗೆ ಸಿಗುವುದಿಲ್ಲ. ನಡುವೆ ಒಂದು ದಿನ ಹೆಚ್ಚಾದರೆ ಹಬ್ಬಕ್ಕೂ ಸಿಗುವುದಿಲ್ಲ.

ಹಾಸನದವಳು ಕೂಡಲೇ ಗಿರಾಕಿಗೆ ಬರೆದಳು: ‘ಅಕ್ಕಾ, ಆ ಬಣ್ಣ ಖಾಲಿಯಾಗಿದೆ. ಕಾದರೆ ಮುಂದಿನ ಗುರುವಾರ ಬರಬಹುದು, ಖಾತ್ರಿ ಇಲ್ಲ, ಬ್ಲೌಸ್ ಹೊಲಿಸೋಕೆ ಆಗಲ್ಲ. ಬೇರೆ ಕಡೆ ಇದೇ ಥರದ್ದು ಹಸಿರು ಬಣ್ಣದಲ್ಲಿ ರೆಡಿ ಇದೆ, ಇವತ್ತೇ ಎತ್ತಿಸಿದರೆ ಮಂಗಳವಾರಕ್ಕೆ ಬರುತ್ತೆ. ಎರಡೂ ಬೇಡ ಅಂದ್ರೆ 850 ಈಗಲೇ ವಾಪಸ್ ಹಾಕ್ತೀನಿ.’ ಗಿರಾಕಿ ಹಸಿರು ಬಣ್ಣಕ್ಕೆ ಒಪ್ಪಿದಳು. ಹಳೆಯ ಲೇಬಲ್ ರದ್ದಾಯಿತು. ಮೊದಲ ವ್ಯಾಪಾರಿಯ ಹತ್ತಿರವಿದ್ದ 700 ರೂಪಾಯಿ ಮುಂದಿನ ಆರ್ಡರಿಗೆ ಜಮಾ ಆಯಿತು. ಹಣ ವಾಪಸ್ ಕೊಡುವುದಕ್ಕಿಂತ ಹೀಗೆ ಜಮಾ ಹಿಡಿಯುವುದೇ ಈ ವ್ಯಾಪಾರದಲ್ಲಿ ಹೆಚ್ಚು ನಡೆಯುವುದರಿಂದ, ಹೊಸ ವ್ಯಾಪಾರಿಗೆ ಮೊದಲಿಗೇ ಹತ್ತಾರು ಸೀರೆಯ ಹಣ ಹಾಕದಿರುವುದು ಒಳ್ಳೆಯದು.

ಈ ಮೂರು ದಾರಿಯನ್ನು ಗುರುವಾರ ಹೇಳಿದ್ದರಿಂದ ಗಿರಾಕಿಗೆ ಆರಿಸಿಕೊಳ್ಳಲು ಅವಕಾಶ ಸಿಕ್ಕಿತು. ಮುಂದಿನ ಸೋಮವಾರ ಹೇಳಿದ್ದರೆ ಉಳಿಯುತ್ತಿದ್ದುದು ಜಗಳ ಒಂದೇ.

ಇಲ್ಲಿ ಕಾನೂನಿನ ಮಾತೊಂದಿದೆ. ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಇ-ಕಾಮರ್ಸ್‌ಗೆಂದು ಗ್ರಾಹಕ ರಕ್ಷಣಾ ನಿಯಮಗಳನ್ನು ತಂದಿತು. ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ ಸರಕನ್ನು ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ ಎಂದು ಅದರಲ್ಲಿದೆ. ಪ್ರವಾಹದಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತು ಬೇರೆ. ಸಗಟು ವ್ಯಾಪಾರಿಯ ಬಳಿ ಮಾಲು ಇಲ್ಲದಿರುವುದು ಅಂಥ ಕಾರಣವಾಗುವುದಿಲ್ಲ. ಗಿರಾಕಿಯ ಪಾಲಿಗೆ ಮಾರಿದವಳು ಹಾಸನದವಳೇ. ಆದ್ದರಿಂದ ವ್ಯಾಪಾರಿ ಹೇಳಿದ 24 ಗಂಟೆಯನ್ನು ತನ್ನ ಮಾತಾಗಿ ಗಿರಾಕಿಗೆ ದಾಟಿಸುವುದು ಅಪಾಯ. ಅದು ಅವಳೇ ಕೊಟ್ಟ ಗಡುವಾಗಿಬಿಡುತ್ತದೆ.

ಮೊದಲ ಸ್ಕ್ಯಾನ್ ಯಾಕೆ ಮುಖ್ಯ, ಗುರುವಾರ ಬೆಳಿಗ್ಗೆ ಏನು ಮಾಡಬೇಕು ಎಂದು ನೋಡಿದೆವು. ಇನ್ನು ನಂಬರಿನ ಗೊಂದಲ. ಪಾರ್ಸಲ್ ಸರಿಯಾಗಿಯೇ ಬರುತ್ತಿರುತ್ತದೆ, ಆದರೆ ನಂಬರ್ ಹಾಕಿದರೆ ಏನೇನೋ ತೋರಿಸುತ್ತದೆ. ಇದಕ್ಕೂ ಕಾರಣಗಳು ಕೆಲವೇ.

ಪುಟ ‘ಇಂಥ ನಂಬರ್ ಇಲ್ಲ’ ಎಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಅಂಕಿ ತಪ್ಪಿರಬೇಕು, ಇಲ್ಲವೇ ಪುಟ ತಪ್ಪಿರಬೇಕು. ವ್ಯಾಪಾರಿ ಕಳಿಸುವ ಪಟ್ಟಿ ಎಷ್ಟೋ ಸಲ ಮಸುಕಾದ ಫೋಟೋ. ಅದನ್ನು ನೋಡಿ ಕೈಯಲ್ಲಿ ಒತ್ತುವಾಗ ಎರಡು ಅಂಕಿ ಅದಲುಬದಲಾಗುತ್ತವೆ. ಸ್ಪೀಡ್ ಪೋಸ್ಟಿನಲ್ಲಿ ಇದಕ್ಕೊಂದು ಒಳ್ಳೆಯ ಕಾವಲಿದೆ. ಅದರ ನಂಬರಿನಲ್ಲಿ ಒಟ್ಟು 13 ಅಕ್ಷರ. ಮೊದಲಿಗೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ IN. ಒಂಬತ್ತು ಅಂಕಿಗಳಲ್ಲಿ ಕೊನೆಯದು ಸುಮ್ಮನೆ ಬಂದದ್ದಲ್ಲ. ಹಿಂದಿನ ಎಂಟು ಅಂಕಿಗಳನ್ನು ಗೊತ್ತಾದ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ ಬರುವ ಶೇಷದಿಂದ ಅದನ್ನು ತೆಗೆಯುತ್ತಾರೆ. ಹಾಗಾಗಿ ಒಂದು ಅಂಕಿ ತಪ್ಪಿದರೂ ಬಹುತೇಕ ಲೆಕ್ಕ ಹೊಂದುವುದಿಲ್ಲ, ನಂಬರ್ ನಿಲ್ಲುವುದಿಲ್ಲ.

ಪುಟ ತಪ್ಪುವುದು ಹೇಗೆಂದರೆ, ಅನೇಕ ವ್ಯಾಪಾರಿಗಳು ಹಲವು ಕೊರಿಯರ್‌ಗಳನ್ನು ಒಟ್ಟಿಗೆ ಸೇರಿಸಿ ಕೊಡುವ ಸೇವೆಯ ಮೂಲಕ ಕಳಿಸುತ್ತಾರೆ. ಯಾವ ಪಾರ್ಸಲ್ ಯಾವ ಕೊರಿಯರ್‌ಗೆ ಎಂಬುದನ್ನು ಪಿನ್ ಕೋಡ್ ನೋಡಿ ಅದೇ ತೀರ್ಮಾನಿಸುತ್ತದೆ. ಅರಸೀಕೆರೆಗೆ ಒಂದು ಕಂಪನಿ, ಪಕ್ಕದ ಹಳ್ಳಿಗೆ ಇನ್ನೊಂದು. ಮೊದಲು ಗೊತ್ತುಮಾಡಿದವರು ಎತ್ತಿಕೊಳ್ಳದಿದ್ದರೆ ಇನ್ನೊಬ್ಬರಿಗೆ ವಹಿಸುತ್ತಾರೆ, ಆಗ ನಂಬರೂ ಬದಲಾಗುತ್ತದೆ. ಹಳೆಯ ನಂಬರ್ ಮಾತ್ರ ಗಿರಾಕಿಯ ಫೋನಿನಲ್ಲಿ ಉಳಿದು ಮ್ಯಾನಿಫೆಸ್ಟೆಡ್ ಎಂದೇ ಹೇಳುತ್ತಿರುತ್ತದೆ. ಬರಿಯ ನಂಬರ್ ಕಳಿಸಿದರೆ ಗಿರಾಕಿ ಎಲ್ಲಿ ಹುಡುಕಬೇಕು? ಕೊರಿಯರ್ ಹೆಸರು, ನಂಬರ್, ಲಿಂಕ್ ಮೂರನ್ನೂ ಒಟ್ಟಿಗೆ ಕಳಿಸಬೇಕು. ಕಳಿಸುವ ಮೊದಲು ಒಮ್ಮೆ ತಾನೇ ತೆರೆದು ನೋಡಬೇಕು.

ಇನ್ನೊಂದು ಬಗೆಯ ತಪ್ಪು ಹೆಚ್ಚು ಗಾಬರಿ ಹುಟ್ಟಿಸುತ್ತದೆ. ನಂಬರ್ ಸರಿಯಾಗಿ ತೆರೆಯುತ್ತದೆ, ಪಾರ್ಸಲ್ ಚಲಿಸುತ್ತಲೂ ಇದೆ, ಆದರೆ ಹೋಗುತ್ತಿರುವುದು ವಿಜಯಪುರಕ್ಕೆ! ಅಂಕಿ ತಪ್ಪಿದ್ದರೆ ಹೀಗಾಗುವುದು ಅಪರೂಪ. ಇದು ಪಟ್ಟಿಯ ತಪ್ಪು. ಒಂದು ದಿನದ ಪಟ್ಟಿಯಲ್ಲಿ ಇಬ್ಬರು ಲಕ್ಷ್ಮಿ, ಮೂವರು ಸವಿತಾ ಇರುವುದು ನಮ್ಮಲ್ಲಿ ಸಾಮಾನ್ಯ. ಅಥವಾ ಪಟ್ಟಿ ಮಾಡುವಾಗ ಒಂದು ಸಾಲು ಕೆಳಗೆ ಸರಿದು ಎಲ್ಲರ ನಂಬರೂ ಒಬ್ಬೊಬ್ಬರಂತೆ ಪಲ್ಲಟವಾಗಿರುತ್ತದೆ. ಆಗ ಅದೇ ಪಟ್ಟಿಯ ಮೇಲಿನ, ಕೆಳಗಿನ ನಂಬರ್ ಹಾಕಿ ನೋಡಿದರೆ ಅರಸೀಕೆರೆಯ ಪಾರ್ಸಲ್ ಅಲ್ಲಿ ಸಿಗುತ್ತದೆ. ಸಿಕ್ಕರೆ ತಪ್ಪಿರುವುದು ಕಾಗದದಲ್ಲಿ ಮಾತ್ರ, ಸೀರೆ ಸರಿಯಾದ ದಾರಿಯಲ್ಲಿದೆ. ಸಿಗದಿದ್ದರೆ ಲೇಬಲ್ಲೇ ಅದಲುಬದಲಾಗಿರಬಹುದು. ಅದನ್ನು ತಿಳಿಯಲು ಮತ್ತೆ ಅಂಟಿಸಿದ ಲೇಬಲ್ಲಿನ ಫೋಟೋ ಬೇಕು. ಹೆಸರಿನ ಜೊತೆ ಪಿನ್ ಕೋಡನ್ನೂ ಫೋನಿನ ಕೊನೆಯ ನಾಲ್ಕು ಅಂಕಿಯನ್ನೂ ಪಟ್ಟಿಯಲ್ಲಿ ಬರೆಸಿಕೊಳ್ಳುವ ರೀಸೆಲ್ಲರ್‌ಗಳಿಗೆ ಈ ತಲೆನೋವು ಬಹುಮಟ್ಟಿಗೆ ತಪ್ಪುತ್ತದೆ. 1972ರಲ್ಲಿ ಪಿನ್ ಕೋಡ್ ಬಂದದ್ದೇ ಒಂದೇ ಹೆಸರಿನ ಊರುಗಳ ಗೊಂದಲ ಕಳೆಯಲು; ಇಲ್ಲಿ ಅದು ಒಂದೇ ಹೆಸರಿನ ಗಿರಾಕಿಗಳ ಗೊಂದಲಕ್ಕೂ ಒದಗುತ್ತದೆ.

ನಂಬರ್ ಸರಿಯಿದೆ, ಮೊದಲ ಸ್ಕ್ಯಾನೂ ಬಿದ್ದಿದೆ ಎನ್ನಿ. ಆಮೇಲೂ ಪುಟ ಸುಮ್ಮನಾಗುವುದುಂಟು. ಆ ಮೌನದಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಸೂರತ್ ಬಿಟ್ಟ ಮೇಲೆ ಬೆಂಗಳೂರು ಸೇರುವವರೆಗೆ ಎರಡು ದಿನ ಏನೂ ಬದಲಾಗದಿದ್ದರೆ ಹೆದರಬೇಕಿಲ್ಲ. ಪೊಟ್ಟಣ ಚೀಲದೊಳಗೆ, ಚೀಲ ಲಾರಿಯೊಳಗೆ. ದಾರಿಯಲ್ಲಿ ಯಾರೂ ಅದಕ್ಕೆ ಯಂತ್ರ ಹಿಡಿಯುವುದಿಲ್ಲ. ‘ಲಾರಿ ರಸ್ತೆಯಲ್ಲಿದೆ, ಬೆಂಗಳೂರು ಮುಟ್ಟಿದಾಗ ಬದಲಾಗುತ್ತದೆ’ ಎಂದು ಗಿರಾಕಿಗೆ ಮೊದಲೇ ಹೇಳಿದ್ದರೆ ಅವಳೂ ನಿಶ್ಚಿಂತೆಯಿಂದಿರುತ್ತಾಳೆ. ನಾಲ್ಕನೇ ದಿನವೂ ಅಲ್ಲೇ ನಿಂತಿದ್ದರೆ ವಿಚಾರಿಸಬೇಕು.

ಕೊನೆಯ ಹಬ್ಬಿನಲ್ಲಿ ನಿಂತರೆ ಮಾತ್ರ ಅದೇ ದಿನ ಎದ್ದು ಓಡಬೇಕು. ಹಾಸನ ತಲುಪಿದೆ, ‘ಔಟ್ ಫಾರ್ ಡೆಲಿವರಿ’ ಆಗಿದೆ, ಸಂಜೆಗೆ ‘ಗ್ರಾಹಕರು ಸಿಗಲಿಲ್ಲ’ ಎಂದು ಬಂದಿದೆ. ಗಿರಾಕಿ ಹೇಳುತ್ತಾಳೆ, ‘ನಾನು ಮನೆಯಲ್ಲೇ ಇದ್ದೆ, ಯಾರೂ ಬಂದಿಲ್ಲ.’ ಅವಳ ಮಾತು ನಿಜವಿರಬಹುದು. ಲೇಬಲ್ಲಿನಲ್ಲಿ ಅವಳ ಫೋನಿನ ಬದಲು ರೀಸೆಲ್ಲರ್ ಫೋನ್ ಹೋಗಿರಬಹುದು. ಅಪರಿಚಿತ ನಂಬರೆಂದು ಅವಳೇ ಎತ್ತದಿರಬಹುದು. ವಿಳಾಸದಲ್ಲಿ ಬೀದಿಯ ಹೆಸರಿದ್ದು ಗುರುತಿನ ಜಾಗ ಇಲ್ಲದಿರಬಹುದು. ನಮ್ಮ ಸಣ್ಣ ಊರುಗಳಲ್ಲಿ ‘ಆಂಜನೇಯನ ಗುಡಿ ಹಿಂದೆ’ ಎಂದರೆ ಮನೆ ಸಿಗುತ್ತದೆ, ಮನೆ ನಂಬರಿನಿಂದ ಸಿಗುವುದಿಲ್ಲ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನಿಸಿ ಪಾರ್ಸಲ್ಲನ್ನು ವಾಪಸ್ ಕಳಿಸುತ್ತಾರೆ. ವ್ಯಾಪಾರಿಗಳ ಬಾಯಲ್ಲಿ ಇದು ಆರ್‌ಟಿಒ. ವಾಪಸ್ ಹೋಗುವುದು ಹಾಸನದವಳ ಮನೆಗಲ್ಲ, ಸೂರತ್ತಿಗೆ. ಮತ್ತೆ ಐದು ದಿನ ಅಲ್ಲಿಗೆ, ಮತ್ತೆ ಐದು ದಿನ ಇಲ್ಲಿಗೆ. ಮೊದಲ ಸಲ ತಪ್ಪಿದ ಸಂಜೆಯೇ ಗಿರಾಕಿಯೂ ರೀಸೆಲ್ಲರೂ ಸೇರಿ ಸ್ಥಳೀಯ ಕೊರಿಯರ್ ಕಚೇರಿಗೆ ಫೋನ್ ಮಾಡಿದರೆ ಇದು ತಪ್ಪುತ್ತದೆ. ಗಿರಾಕಿಗೆ ಹತ್ತಿರವಾದರೆ ನಂಬರ್ ಮತ್ತು ಗುರುತಿನ ಚೀಟಿ ತೋರಿಸಿ ತಾನೇ ಹೋಗಿ ತಂದುಕೊಳ್ಳಬಹುದು.

ಹೀಗೆ ಸ್ಕ್ಯಾನಿಗೆ ಮುಂಚಿನ ತಡ, ನಂಬರಿನ ತಪ್ಪು, ದಾರಿಯ ಮೌನ ಎಲ್ಲವನ್ನೂ ನೋಡಿದೆವು. ಉಳಿದಿರುವುದು ಒಂದೇ, ಸೂರತ್ತಿನ ಪಂಚಾಂಗ. ಅಲ್ಲಿಯ ರಜೆಗಳು ನಮ್ಮ ರಜೆಗಳಲ್ಲ. ಭಾನುವಾರ ಬಟ್ಟೆ ಮಾರುಕಟ್ಟೆ ಮುಚ್ಚಿರುತ್ತದೆ, ಶನಿವಾರ ಸಂಜೆಯ ಆರ್ಡರ್ ಸೋಮವಾರದ ಆರ್ಡರಿದ್ದಂತೆ. ನಾವು ಸಂಕ್ರಾಂತಿಯ ಮರುದಿನ ಕೆಲಸಕ್ಕೆ ಮರಳುತ್ತೇವೆ. ಗುಜರಾತಿನಲ್ಲಿ ಗಾಳಿಪಟದ ಹಬ್ಬ ಆ ದಿನವೂ ನಡೆಯುತ್ತದೆ. ಎಲ್ಲಕ್ಕಿಂತ ದೊಡ್ಡದು ದೀಪಾವಳಿ. ಹಬ್ಬ ಮುಗಿದ ಮೇಲೂ ಅಲ್ಲಿಯ ವ್ಯಾಪಾರಿಗಳು ಬಾಗಿಲು ತೆರೆಯುವುದು ಕಾರ್ತಿಕ ಶುದ್ಧ ಪಂಚಮಿಗೆ, ಅವರ ಲಾಭಪಂಚಮಿಗೆ. ಮಿಲ್ಲು, ಪ್ಯಾಕಿಂಗಿನ ಕೆಲಸಗಾರರಲ್ಲಿ ಬಹಳ ಮಂದಿ ಒಡಿಶಾ, ಬಿಹಾರ, ಉತ್ತರ ಪ್ರದೇಶದವರು. ಅವರು ಊರಿಂದ ಮರಳಲು ಇನ್ನೂ ಕೆಲವು ದಿನ ಬೇಕು. ನಮ್ಮಲ್ಲೋ ಅಷ್ಟರಲ್ಲಿ ತುಳಸಿ ಹಬ್ಬ ಬಂದು ಮದುವೆಗಳ ಸೀರೆ ಕೇಳುವವರು ಶುರುವಾಗಿರುತ್ತಾರೆ. ದೀಪಾವಳಿಯ ವಾರ ಆರ್ಡರ್ ಹಿಡಿಯುವ ರೀಸೆಲ್ಲರ್ ಫೋಟೋ ಕೆಳಗೇ ಬರೆಯಬೇಕು: ಸೂರತ್ ಲಾಭಪಂಚಮಿಗೆ ತೆರೆಯುತ್ತದೆ, ಹಳೆಯ ಆರ್ಡರುಗಳು ಮೊದಲು ಹೋಗುತ್ತವೆ, ಇವತ್ತು ಹೇಳಿದ ಸೀರೆಯನ್ನು ಕೊರಿಯರ್ ಎತ್ತಿಕೊಳ್ಳುವುದು ಅದಾದ ಎರಡು ಮೂರು ದಿನಕ್ಕೆ, ಐದು ದಿನದ ಎಣಿಕೆ ಆಮೇಲೆ.